ಎದೆ ಸೀಳಿದಂಥ ನೋವೇ? ಎರಡೂ ಕೈಯ ಬಿ.ಪಿ. ನೋಡಿಸಿ

ಕಾಸರಗೋಡು: ಎದೆನೋವು ಅಂದ್ರೆ ಹಾರ್ಟ್ ಅಟ್ಯಾಕ್ ಎಂಬುದೇ ನಮ್ಮವರ ಲೆಕ್ಕ. ಆದರೆ ಹೃದಯದಿಂದ ಹೊರಡುವ ಮಹಾಪಧಮನಿಯ ಒಳಪದರ ಹರಿದರೂ ಎದೆ ನೋಯುತ್ತದೆ. ಹಾರ್ಟ್ ಅಟ್ಯಾಕಿನ ನೋವು ಸಾಮಾನ್ಯವಾಗಿ ಒತ್ತಿದಂತೆ, ಮೆಲ್ಲಮೆಲ್ಲನೆ ಏರುತ್ತದೆ. ಇದು ಹಾಗಲ್ಲ, ಬಟ್ಟೆ ಹರಿದಂತೆ ಒಮ್ಮೆಲೇ ಬಂದು ಬೆನ್ನಿಗೆ ಹರಿಯುತ್ತದೆ.

ಬಿ.ಪಿ. ಮಾತ್ರೆ ಅರ್ಧಕ್ಕೇ ಬಿಟ್ಟ 58 ವರ್ಷದ ಅಡಿಕೆ ಕೃಷಿಕರೊಬ್ಬರಿಗೆ ಹೀಗಾಯಿತು ಎನ್ನೋಣ. ಬಲಗೈಯಲ್ಲಿ ಬಿ.ಪಿ. 190, ಎಡಗೈಯಲ್ಲಿ 150. ಪದರಗಳ ನಡುವೆ ನುಗ್ಗಿದ ರಕ್ತ ಎಡಗೈಗೆ ಹೋಗುವ ಕವಲನ್ನು ಅದುಮಿದೆ. ವ್ಯತ್ಯಾಸ 20 ದಾಟಿದರೆ ಅನುಮಾನ ಪಡಲೇಬೇಕು. ಎಡಗೈ ಮಾತ್ರ ನೋಡಿದ್ದರೆ ಬಿ.ಪಿ. ಅಷ್ಟೇನೂ ಇಲ್ಲ ಅನ್ನಿಸುತ್ತಿತ್ತು! ಹಾಗಂತ ಎರಡೂ ಕೈ ಸಮ ಇದ್ದ ಮಾತ್ರಕ್ಕೆ ರೋಗ ಇಲ್ಲ ಎನ್ನುವಂತಿಲ್ಲ.

ಇಲ್ಲಿ ಹಾರ್ಟ್ ಅಟ್ಯಾಕ್ ಎಂದು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಕುತ್ತು. ಸಿ.ಟಿ. ಆಂಜಿಯೋದಲ್ಲಿ ಹರಿದ ಜಾಗ ಕಾಣುತ್ತದೆ. ಅನುಮಾನ ಬಂದೊಡನೆ ವೈದ್ಯರು ನೋವು ಇಳಿಸಿ, ಔಷಧಿಯನ್ನು ನರಕ್ಕೆ ಕೊಟ್ಟು, ಮೊದಲು ನಾಡಿಬಡಿತವನ್ನು 60ರ ಹತ್ತಿರಕ್ಕೆ, ಬಳಿಕ ಮೇಲಿನ ಬಿ.ಪಿ.ಯನ್ನು 100–120ಕ್ಕೆ ತರುತ್ತಾರೆ. ಹೆಚ್ಚು ಇರುವ ಕೈಯ ಬಿ.ಪಿ.ಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹೃದಯದ ಬುಡದಲ್ಲೇ ಹರಿದಿದ್ದರೆ ತುರ್ತು ಆಪರೇಶನ್. ತಡವಾದಂತೆ ಗಂಟೆಗಂಟೆಗೂ ಅಪಾಯ ಏರುತ್ತದೆ.

108ಕ್ಕೆ ಫೋನ್ ಮಾಡಿ. ಮಂಗಳೂರಿಗೆ ಕಳಿಸುವುದಾದರೆ ಎರಡೂ ಕೈಯ ಬಿ.ಪಿ., ನೋವು ಶುರುವಾದ ಹೊತ್ತು ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.