ಒಂದೇ ಹಾಲ್, ಮೂರು ಮಟ್ಟ: ಹಿರಿಯರ ಕುರ್ಚಿ ವ್ಯಾಯಾಮ ತರಗತಿ ಜೋಡಿಸೋದು ಹೇಗೆ?

ಉಡುಪಿ: ಸಮುದಾಯ ಭವನದಲ್ಲಿ ಹಿರಿಯರಿಗೆ ವ್ಯಾಯಾಮ ತರಗತಿ ಇಟ್ಟರೆ ಬರುವವರು ಒಂದೇ ತರ ಇರೋದಿಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತು ವ್ಯಾಪಾರ ಮಾಡುವ 62ರವರು ಒಬ್ಬರಾದರೆ, ಕೈ ಊರದೆ ಕುರ್ಚಿಯಿಂದ ಏಳಲಾಗದ 78ರವರು ಇನ್ನೊಬ್ಬರು. ಎಲ್ಲರಿಗೂ 'ಹದಿನೈದು ಸಲ ಮಾಡಿ' ಅಂದರೆ ಮೊದಲನೆಯವರಿಗೆ ಅದು ಸಾಲದು, ಎರಡನೆಯವರಿಗೆ ಉಸಿರು ಕಟ್ಟುತ್ತದೆ. ಇದಕ್ಕೆ ಪರಿಹಾರ, ಲೆಕ್ಕ ಬಿಟ್ಟು ಸಮಯ ಹಿಡಿಯುವುದು. ಎಲ್ಲರೂ 40 ಸೆಕೆಂಡ್ ಮಾಡಲಿ. ಎಷ್ಟು ಸಲ ಅನ್ನೋದು ಅವರವರ ಶಕ್ತಿಗೆ ಬಿಟ್ಟದ್ದು.

ಮೊದಲ ದಿನ ಮಟ್ಟ ನೋಡಿ

43 ಸೆಂಟಿಮೀಟರ್, ಅಂದರೆ 17 ಇಂಚು ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ಎರಡೂ ಕೈಗಳನ್ನು ಎದೆ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಬೇಕು. ಕೈ ಊರಿದರೆ ಲೆಕ್ಕ ಸೊನ್ನೆ. ಅಮೆರಿಕದ ಸಿಡಿಸಿ ಸಂಸ್ಥೆಯ ಪಟ್ಟಿ ಪ್ರಕಾರ 60ರಿಂದ 64ರ ಗಂಡಸರು 14ಕ್ಕಿಂತ ಕಡಿಮೆ, 70ರಿಂದ 74ರ ಹೆಂಗಸರು 10ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಸಾಲದು, ಬೀಳುವ ಅಪಾಯ ಹೆಚ್ಚು ಎಂದರ್ಥ.

ಉದಾಹರಣೆಗೆ ಕಾರ್ಕಳದ 62ರ ದಿನಸಿ ಅಂಗಡಿಯವರು 16 ಸಲ, ಕಾಪುವಿನ 71ರ ಅಮ್ಮ 8 ಸಲ ಎದ್ದರು, ಮಣಿಪಾಲದ 78ರ ಅಜ್ಜನಿಗೆ ಕೈ ಊರದೆ ಆಗಲೇ ಇಲ್ಲ ಅಂದುಕೊಳ್ಳಿ. ಮೂವರೂ ಒಂದೇ ಕುರ್ಚಿ ಸ್ಟೇಷನ್‌ಗೆ ಬರಬಹುದು. ಅಜ್ಜ ಕೈ ಇರುವ ಕುರ್ಚಿಯಲ್ಲಿ ಕೂತು, ಕೈ ಊರಿ ಏಳುತ್ತಾರೆ. ಅಮ್ಮ ಕೈ ಊರದೆ, ತಮ್ಮ ನಿಧಾನದಲ್ಲಿ ಏಳುತ್ತಾರೆ. ಅಂಗಡಿಯವರು ಒಂದು ಲೀಟರ್ ನೀರಿನ ಬಾಟಲಿ ಎದೆಗೆ ಹಿಡಿದು, ಮೂರು ಎಣಿಸುತ್ತಾ ಮೆಲ್ಲಗೆ ಕೂರುತ್ತಾರೆ. ತುಂಬಿದ ಬಾಟಲಿ ಸುಮಾರು ಒಂದು ಕಿಲೋ ಆಗುವುದರಿಂದ ಡಂಬೆಲ್ ಕೊಳ್ಳಬೇಕಾಗಿಲ್ಲ.

ಆರು ಸ್ಟೇಷನ್, 12 ಮಂದಿ

ಪ್ರತಿ ಸ್ಟೇಷನ್‌ಗೆ ಇಬ್ಬರು. ಒಂದು, ಕುರ್ಚಿಯಿಂದ ಎದ್ದು ಕೂರುವುದು. ಎರಡು, ಗೋಡೆಗೆ ಅಂಗೈ ಇಟ್ಟು ತಳ್ಳುವುದು. ಮೂರು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಸಮತೋಲನದಲ್ಲಿ ನಿಲ್ಲುವುದು. ನಾಲ್ಕು, ಕೂತು ನೀರಿನ ಬಾಟಲಿ ಎತ್ತುವುದು. ಐದು, ಕುರ್ಚಿ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು. ಆರು, ಕೂತು ಎರಡೂ ಕೈಯಲ್ಲಿ ಟವೆಲ್ ಹಿಡಿದು ಎಳೆದು ಬಿಡುವುದು.

ಈ ಸಾಲಿಗೆ ಕಾರಣ ಇದೆ. ಕಾಲಿನ ಕೆಲಸ ಆದ ಮೇಲೆ ಕೈಯ ಕೆಲಸ ಬರುವುದರಿಂದ ಕಾಲಿಗೆ ವಿಶ್ರಾಂತಿ ಸಿಗುತ್ತದೆ. ಸಮತೋಲನದ ಸ್ಟೇಷನ್‌ಗೆ ಸುಸ್ತಾದ ಕಾಲಿನಲ್ಲಿ ಯಾರೂ ಬರುವುದಿಲ್ಲ. ಅದನ್ನು ಗೋಡೆ ಪಕ್ಕವೇ ಇಡಬೇಕು, ಎದುರಿಗೆ ಒಂದು ಕುರ್ಚಿಯೂ ಇರಬೇಕು. ಒಬ್ಬರೇ ಮೇಲ್ವಿಚಾರಕರಿದ್ದರೆ ಅವರು ನಿಲ್ಲಬೇಕಾದ್ದು ಇಲ್ಲೇ.

40 ಸೆಕೆಂಡ್ ಕೆಲಸ, 50 ಸೆಕೆಂಡ್ ಮುಂದಿನ ಜಾಗಕ್ಕೆ ಹೋಗಲು. ಜಿಮ್‌ನ ಹಾಗೆ ಹತ್ತೇ ಸೆಕೆಂಡ್ ಕೊಟ್ಟರೆ ಹಿರಿಯರು ಅವಸರದಲ್ಲಿ ಎಡವುತ್ತಾರೆ. ಈ ಲೆಕ್ಕದಲ್ಲಿ ಒಂದು ಸುತ್ತಿಗೆ 9 ನಿಮಿಷ. ಎರಡು ಸುತ್ತು, ನಡುವೆ 3 ನಿಮಿಷ ವಿಶ್ರಾಂತಿ, ಮೊದಲಿಗೆ 10 ನಿಮಿಷ ಮೈ ಬಿಸಿ ಮಾಡುವುದು, ಕೊನೆಗೆ 5 ನಿಮಿಷ ನಿಧಾನ ಮಾಡುವುದು ಸೇರಿದರೆ 36 ನಿಮಿಷ.

ಹೆಚ್ಚಾಯ್ತು ಅಂತ ತಿಳಿಯೋದು ಹೇಗೆ?

ಮಾತಾಡಿಸಿ ನೋಡಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಸರಿ. ಒಂದೊಂದೇ ಶಬ್ದ ಬಂದರೆ ಒಂದು ಮಟ್ಟ ಇಳಿಸಬೇಕು. ಮರುದಿನವೂ ಮೊಣಗಂಟು ನೋಯುತ್ತಿದ್ದರೆ ಆಗಲೂ ಇಳಿಸಬೇಕು. ಎರಡು ಮೂರು ತರಗತಿ ಸಲೀಸಾಗಿ ಮಾಡಿದವರನ್ನು ಆ ಒಂದು ಸ್ಟೇಷನ್‌ನಲ್ಲಿ ಮಾತ್ರ ಮೇಲಿನ ಮಟ್ಟಕ್ಕೆ ಏರಿಸಿದರೆ ಸಾಕು. ಉಸಿರು ಬಿಗಿ ಹಿಡಿದರೆ ಬಿಪಿ ಏರುತ್ತದೆ, ಅದಕ್ಕೇ ಜೋರಾಗಿ ಎಣಿಸಲು ಹೇಳುವುದು ಒಳ್ಳೆಯದು.

ಬಿಪಿ ಮಾತ್ರೆ ತಗೊಳ್ಳುವವರಿಗೆ ಎದ್ದ ಕೂಡಲೇ ತಲೆ ತಿರುಗುವುದುಂಟು. ಅವರು ಎದ್ದು ಸ್ವಲ್ಪ ಹೊತ್ತು ನಿಂತೇ ಹೆಜ್ಜೆ ಇಡಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರಬಾರದು. ಎದೆನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಈಚೆಗೆ ಹೃದಯದ ತೊಂದರೆ ಅಥವಾ ಶಸ್ತ್ರಚಿಕಿತ್ಸೆ ಆದವರು ಡಾಕ್ಟರನ್ನು ಕೇಳಿಯೇ ಸೇರಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸಂಗತಿ ಮಳೆ. ಒದ್ದೆ ಕೊಡೆ, ಚಪ್ಪಲಿ ಹೊರಗೇ ಇರಲಿ. ಟೈಲ್ಸ್ ನೆಲದಲ್ಲಿ ಪ್ಲಾಸ್ಟಿಕ್ ಕುರ್ಚಿ ಸುಲಭವಾಗಿ ಜಾರುತ್ತದೆ, ಆದ್ದರಿಂದ ಕೂರುವ ಕುರ್ಚಿಗಳೆಲ್ಲ ಗೋಡೆಗೆ ತಾಗಿಯೇ ಇರಬೇಕು. ಬಲ ಮತ್ತು ಸಮತೋಲನದ ವ್ಯಾಯಾಮ ವಾರಕ್ಕೆ ಕನಿಷ್ಠ ಮೂರು ದಿನ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹಾಲ್ ಬುಕ್ ಮಾಡುವವರು ದಿನ ಬಿಟ್ಟು ದಿನ, ಸೋಮ, ಬುಧ, ಶುಕ್ರ ಎಂದು ಬುಕ್ ಮಾಡಿಕೊಂಡರೆ ಅನುಕೂಲ.