ಜಾಹೀರಾತು ಬರೆಯದೆ ಬಿಟ್ಟ ಲೆಕ್ಕ

‘1,000 ರೂಪಾಯಿ ಹಾಕಿ, 1,000 ರೂಪಾಯಿ ಬೋನಸ್ ಪಡೆಯಿರಿ. ತಕ್ಷಣ ವಿತ್‌ಡ್ರಾ. 18+. ಷರತ್ತುಗಳು ಅನ್ವಯಿಸುತ್ತವೆ.’ ಐಪಿಎಲ್ ಶುರುವಾದರೆ ಸಾಕು, ಇಂಥ ಸಾಲುಗಳು ರೀಲ್ಸ್‌ನಲ್ಲಿ, ಟೆಲಿಗ್ರಾಮ್ ಚಾನೆಲ್ಲುಗಳಲ್ಲಿ ತೇಲಿಬರುತ್ತವೆ. ಇವುಗಳಲ್ಲಿ ಹಸಿ ಸುಳ್ಳು ಹುಡುಕಿದರೆ ಸಿಗದೆಯೂ ಹೋಗಬಹುದು. ಬೋನಸ್ ಕೊಡುತ್ತೇವೆ ಅಂದವರು ಆ್ಯಪ್‌ನ ಖಾತೆಯಲ್ಲಿ 2,000 ತೋರಿಸಿಯೇ ತೋರಿಸುತ್ತಾರೆ. ಮೋಸ ಇರುವುದು ಅರ್ಧ ಲೆಕ್ಕವನ್ನಷ್ಟೇ ಬರೆದು ಕೈಬಿಡುವುದರಲ್ಲಿ. ಆದ್ದರಿಂದ ಜಾಹೀರಾತು ಏನು ಹೇಳುತ್ತಿದೆ ಎಂದು ಓದಿದರೆ ಸಾಲದು, ಉಳಿದರ್ಧ ಲೆಕ್ಕವನ್ನು ನಾವೇ ಬರೆದು ನೋಡಬೇಕು. ಅದಕ್ಕೆ ಕೂಡು, ಗುಣಿಸು ಬಂದರೆ ಸಾಕು.

ಮೊದಲು ಕಂಪನಿ ಹೇಗೆ ದುಡಿಯುತ್ತದೆ ಎಂಬುದು ಗೊತ್ತಾಗಬೇಕು. ಪಂದ್ಯದ ಟಾಸನ್ನೇ ತೆಗೆದುಕೊಳ್ಳಿ. ಎರಡೂ ತಂಡಗಳಿಗೆ ಗೆಲ್ಲುವ ಅವಕಾಶ ಸರಿಸಮ. ಹಾಗಿದ್ದರೆ 100 ಕಟ್ಟಿ ಗೆದ್ದವನಿಗೆ ತನ್ನ ಹಣವೂ ಸೇರಿ 200 ಬರಬೇಕು. ಆದರೆ ಆ್ಯಪ್‌ನಲ್ಲಿ ಎರಡೂ ತಂಡಗಳ ಮುಂದೆ 1.90 ಎಂಬ ದರ ಇದೆ ಎಂದುಕೊಳ್ಳಿ. ಅಂದರೆ ಗೆದ್ದವನಿಗೆ ಸಿಗುವುದು 190. ನೂರು ಜನ ತಲಾ 100 ಕಟ್ಟಿ, ಐವತ್ತು ಮಂದಿ ಒಂದು ತಂಡ, ಐವತ್ತು ಮಂದಿ ಇನ್ನೊಂದು ತಂಡ ಹಿಡಿದರೆ ಕಂಪನಿಗೆ ಬಂದದ್ದು 10,000, ಅದು ಹಂಚಿದ್ದು 9,500. ನಾಣ್ಯ ಯಾವ ಮಗ್ಗುಲಿಗೆ ಬಿದ್ದರೂ 500 ರೂಪಾಯಿ ಅದರ ಬಳಿಯೇ ಉಳಿಯಿತು. ಕಟ್ಟಿದ ಪ್ರತಿ ನೂರಕ್ಕೂ ಸರಾಸರಿ ಐದು ರೂಪಾಯಿ ಸುಂಕ. ಈ ಐದು ರೂಪಾಯಿಯ ಸುದ್ದಿ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಈಗ ಬೋನಸ್‌ಗೆ ಬನ್ನಿ. ‘ಷರತ್ತುಗಳು ಅನ್ವಯಿಸುತ್ತವೆ’ ಎಂಬುದನ್ನು ಒತ್ತಿ ಒಳಹೊಕ್ಕರೆ ಸಾಮಾನ್ಯವಾಗಿ ಕಾಣುವುದು ರೋಲ್‌ಓವರ್ ಅಥವಾ ವೇಜರಿಂಗ್ ಎಂಬ ಕಲಮು: ಠೇವಣಿ ಮತ್ತು ಬೋನಸ್ ಎರಡನ್ನೂ ಸೇರಿಸಿ ಇಂತಿಷ್ಟು ಪಟ್ಟು ಹಣವನ್ನು ಬೆಟ್ ಕಟ್ಟಿ ಮುಗಿಸುವ ತನಕ ವಿತ್‌ಡ್ರಾ ಇಲ್ಲ. ಇಪ್ಪತ್ತು ಪಟ್ಟು ಎಂದಿದ್ದರೆ ನಮ್ಮ 2,000ಕ್ಕೆ 40,000 ರೂಪಾಯಿಯ ಬೆಟ್ ಆಗಬೇಕು. ನೂರಕ್ಕೆ ಐದರಂತೆ 40,000ಕ್ಕೆ ಸುಂಕ ಎಷ್ಟು? ಸರಿಯಾಗಿ 2,000. ಪುಕ್ಕಟೆ ಬಂದ ಬೋನಸ್ ಮಾತ್ರವಲ್ಲ, ಜೇಬಿನಿಂದ ಹಾಕಿದ ಸಾವಿರವೂ ಅದರಲ್ಲಿ ಕರಗುವಷ್ಟು. ಬಹಳ ಜನರ ಖಾತೆ 40,000 ಮುಟ್ಟುವ ಮೊದಲೇ ಬರಿದಾಗುತ್ತದೆ. ಇದರ ಜೊತೆಗೆ ಏಳು ದಿನದೊಳಗೆ ಮುಗಿಸಬೇಕು, ಇಂತಿಷ್ಟಕ್ಕಿಂತ ಕಡಿಮೆ ದರದ ಬೆಟ್ ಲೆಕ್ಕಕ್ಕಿಲ್ಲ ಎಂಬಂಥ ಉಪಷರತ್ತುಗಳೂ ಇರಬಹುದು. ಅವಸರದಲ್ಲಿ ದೊಡ್ಡ ಮೊತ್ತ ಕಟ್ಟಿಸುವುದಕ್ಕೆ ಇವೇ ಸಾಕು. ‘ಬೋನಸ್ ಪುಕ್ಕಟೆ ತಾನೆ, ಹೋದರೆ ಹೋಗಲಿ’ ಎನ್ನುವವರಿದ್ದಾರೆ. ಬೋನಸ್ಸಿನ ಜೊತೆ ಸ್ವಂತ ಠೇವಣಿಯೂ ಅದೇ ಷರತ್ತಿನಲ್ಲಿ ಸಿಕ್ಕಿಕೊಳ್ಳುತ್ತದಾದ್ದರಿಂದ ಆ ಮಾತು ನಿಲ್ಲುವುದಿಲ್ಲ. ಅದೃಷ್ಟವಂತರು ಕೆಲವರು ಲಾಭದಲ್ಲೇ ಹೊರಬರುತ್ತಾರೆ, ನಿಜ. ಜಾಹೀರಾತಿನ ಸ್ಕ್ರೀನ್‌ಶಾಟ್ ಅವರದೇ. ಉಳಿದವರು ಯಾರೂ ಸ್ಕ್ರೀನ್‌ಶಾಟ್ ಹಂಚಿಕೊಳ್ಳುವುದಿಲ್ಲ.

ಬೋನಸ್‌ಗಿಂತ ಒಂದು ಕೈ ಮೇಲೆ ಇರುವುದು ‘ನೂರಕ್ಕೆ ನೂರು ಗೆಲುವು’ ಎಂಬ ಟಿಪ್ಸ್ ವ್ಯಾಪಾರ. ಇದರ ಪರವಾಗಿ ಕೇಳಿಬರುವ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇದೆ: ಒಂದು ಸಲ ಸರಿಯಾದರೆ ಆಕಸ್ಮಿಕ ಎನ್ನೋಣ, ಸತತವಾಗಿ ಐದು ಟಾಸ್ ಸರಿಯಾಗಿ ಹೇಳಿದವನಿಗೆ ಒಳಗಿನ ಸುದ್ದಿ ಗೊತ್ತಿಲ್ಲದೆ ಇರುತ್ತದೆಯೇ? ಅದಕ್ಕೆ ಒಳಗಿನ ಸುದ್ದಿಯೇನೂ ಬೇಕಿಲ್ಲ. ಅವನು 1,024 ಜನರಿಗೆ ಬೇರೆಬೇರೆಯಾಗಿ ಸಂದೇಶ ಕಳಿಸುತ್ತಾನೆ ಎಂದುಕೊಳ್ಳಿ. ಅರ್ಧ ಜನಕ್ಕೆ ಒಂದು ತಂಡ, ಇನ್ನರ್ಧಕ್ಕೆ ಎದುರಾಳಿ. ಮೊದಲ ಟಾಸ್ ಆದಮೇಲೆ ಅವನ ಮಾತು ನಿಜವಾದದ್ದು 512 ಜನರ ಪಾಲಿಗೆ. ಅವರನ್ನು ಮತ್ತೆ ಎರಡು ಭಾಗ ಮಾಡಿದರೆ 256, ಆಮೇಲೆ 128, 64. ಐದನೇ ಟಾಸ್ ಮುಗಿದಾಗ 32 ಮಂದಿಯ ಫೋನಿನಲ್ಲಿ ಒಂದೂ ತಪ್ಪಿಲ್ಲದ ಐದು ಭವಿಷ್ಯಗಳು ಕೂತಿರುತ್ತವೆ. ಆರನೆಯದಕ್ಕೆ ತಲಾ 5,000 ಫೀಸು ಕೇಳಿದರೆ ಅವರಲ್ಲಿ ಕೊಡುವವರಿಗೆ ಬರವಿಲ್ಲ. ಉಳಿದ 992 ಮಂದಿಯನ್ನು ಈ 32 ಜನ ಎಂದೂ ನೋಡುವುದಿಲ್ಲ. ಇಷ್ಟು ಶ್ರಮವೂ ಬೇಡವೆನ್ನುವವರು ಚಾನೆಲ್ಲಿನಲ್ಲಿ ತಪ್ಪಾದ ಪೋಸ್ಟನ್ನು ಅಳಿಸಿ ಸರಿಯಾದದ್ದನ್ನು ಉಳಿಸಿಕೊಳ್ಳುತ್ತಾರೆ. ಇನ್ನು, ಪುಕ್ಕಟೆ ಟಿಪ್ಸ್ ಕೊಟ್ಟು ‘ನನ್ನ ಲಿಂಕ್‌ನಿಂದಲೇ ಸೇರಿಕೊಳ್ಳಿ ಬ್ರೋ’ ಎನ್ನುವವರ ಆದಾಯ ಎಲ್ಲಿಂದ ಎಂದು ಕೇಳಬೇಕು. ಇಂಥ ಏಜೆಂಟರಿಗೆ ಹಲವು ಕಂಪನಿಗಳು ಕೊಡುವುದು ಅವರ ಲಿಂಕ್‌ನಿಂದ ಸೇರಿದವರು ಸೋತ ಹಣದಲ್ಲಿ ಒಂದು ಪಾಲು. ಸಲಹೆಗಾರನಿಗೆ ನಿಮ್ಮ ಸೋಲಿನಿಂದಲೇ ಲಾಭ ಎಂದಮೇಲೆ ಆ ಸಲಹೆಯ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂಲೆಯಲ್ಲಿ ಸಣ್ಣದಾಗಿ ಕಾಣುವ 18+ ಎಂಬ ಗುರುತನ್ನು ಕಂಪನಿಯ ಜವಾಬ್ದಾರಿಯ ಸಾಕ್ಷಿಯೆಂದು ನಂಬುವವರಿದ್ದಾರೆ. ಅದು ಎಲ್ಲಿ ಕೆಲಸ ಮಾಡುತ್ತದೆ ನೋಡಿ. ಇಂಥ ಎಷ್ಟೋ ಆ್ಯಪ್‌ಗಳಲ್ಲಿ ಸೇರುವಾಗ ಕೇಳುವುದು ‘ನನಗೆ 18 ತುಂಬಿದೆ’ ಎಂಬ ಚೌಕಕ್ಕೊಂದು ಟಿಕ್ಕು ಮಾತ್ರ. ಹತ್ತನೇ ತರಗತಿಯ ಹುಡುಗ ಟಿಕ್ ಹಾಕಿ ಅಪ್ಪನ ಯುಪಿಐನಿಂದ ದುಡ್ಡು ತುಂಬಿದರೂ ಯಾರೂ ತಡೆಯುವುದಿಲ್ಲ. ಆಧಾರ್, ಪ್ಯಾನ್ ನೆನಪಾಗುವುದು ಅವನು ಗೆದ್ದು ವಿತ್‌ಡ್ರಾ ಒತ್ತಿದಾಗ. ಆಗ ವಯಸ್ಸು ಸಾಲದು, ಖಾತೆಯ ಹೆಸರು ಹೊಂದುವುದಿಲ್ಲ ಎಂದು ಹಣ ತಡೆಹಿಡಿಯಲು ಷರತ್ತಿನಲ್ಲೇ ದಾರಿ ಇರುತ್ತದೆ. ಬಾಗಿಲು ತೆರೆದಿಟ್ಟು ಹೊರಹೋಗುವಾಗ ಮಾತ್ರ ಚೀಟಿ ಕೇಳುವ ಈ ಏರ್ಪಾಡು ಮಕ್ಕಳನ್ನು ಕಾಯುವುದಕ್ಕಲ್ಲ.

ಇನ್ನು ಕಾನೂನು. ಭಾರತದ ಕರಾರು ಕಾಯ್ದೆ, 1872ರ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ. ಗೆದ್ದ ಹಣ ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ. ‘ಗ್ಯಾರಂಟಿ ವಿತ್‌ಡ್ರಾ’ದ ಹಿಂದೆ ಕಂಪನಿಯ ಮರ್ಜಿಯ ಹೊರತು ಬೇರೆ ಗ್ಯಾರಂಟಿ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ‘ನಿಷೇಧವೇ ಆಗಿದೆಯಲ್ಲ, ಇನ್ನೇಕೆ ಈ ಓದು?’ ಎಂದು ಕೇಳಬಹುದು. ಹೊರದೇಶದಲ್ಲಿ ಕೂತು ನಡೆಸುವವರು ಒಂದು ವಿಳಾಸ ಮುಚ್ಚಿದರೆ ಇನ್ನೊಂದು ತೆರೆಯುತ್ತಾರೆ. ಕ್ರೀಡಾ ಸುದ್ದಿಯ ತಾಣವೆಂದು ಅದೇ ಹೆಸರಿನಲ್ಲಿ ಜಾಹೀರಾತು ಹಾಕುವ ಬದಲಿ ದಾರಿಯ ಬಗ್ಗೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ‘ವಿದೇಶಿ ಲೈಸೆನ್ಸ್ ಇದೆ’ ಎಂಬ ಸಾಲಿಗೆ ಇಲ್ಲಿ ಕಾನೂನಿನ ಬಲವಿಲ್ಲ.

ಕೊನೆಗೆ ಒಂದು ಗುರುತು. ಹಣ ಕಳಿಸುವ ಪರದೆಯಲ್ಲಿ ಪಡೆಯುವವರ ಹೆಸರನ್ನು ಓದಿ. ಆ್ಯಪ್‌ನ ಹೆಸರಿರಬೇಕಾದಲ್ಲಿ ಯಾವುದೋ ವ್ಯಕ್ತಿಯ, ಯಾವುದೋ ಅಂಗಡಿಯ ಹೆಸರಿದ್ದು, ಅದು ಪ್ರತಿ ಸಲವೂ ಬದಲಾಗುತ್ತಿದ್ದರೆ ಅದು ಬಾಡಿಗೆಗೆ ಪಡೆದ ಖಾತೆ ಇರಬಹುದು. ಅಂಥ ಖಾತೆಯಿಂದ ಗೆಲುವಿನ ಹಣ ಬಂದರೂ, ಅದು ಇನ್ಯಾರದೋ ವಂಚನೆ ಪ್ರಕರಣದ ಹಣವಾಗಿದ್ದರೆ ನಿಮ್ಮ ಬ್ಯಾಂಕ್ ಖಾತೆಯೇ ಸ್ಥಗಿತವಾಗಬಹುದು. ಹಣ ಕಳಿಸಿ ಮೋಸ ಹೋಗಿದ್ದರೆ ನಾಚಿಕೊಂಡು ಸುಮ್ಮನಿರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕೂಡಲೇ ಕರೆ ಮಾಡಿ.