ಅತಿಥಿಯ ಶ್ರುತಿ ಹಿಡಿದರೆ ಪ್ರೋಮೊ ಸಿಕ್ಕೀತು

ಒಂದೂವರೆ ಗಂಟೆಯ ಸಂದರ್ಶನ ಮುಗಿದಿದೆ. ನಾಳೆ ಬೆಳಗ್ಗೆಗೆ 30 ಸೆಕೆಂಡಿನ ಪ್ರೋಮೊ ಬೇಕು. ಎಲ್ಲವನ್ನೂ ಮತ್ತೆ ಕೇಳುವಷ್ಟು ಹೊತ್ತಿಲ್ಲ. ಮಾತು ಎಲ್ಲಿ ಕಾವೇರಿತು ಎಂಬ ಸುಳಿವು ದನಿಯಲ್ಲೇ ಇರುತ್ತದೆ. ಉತ್ಸಾಹ ಬಂದಾಗ ಧ್ವನಿತಂತುಗಳು ಬಿಗಿಯಾಗುತ್ತವೆ, ಉಸಿರಿನ ಒತ್ತಡ ಹೆಚ್ಚುತ್ತದೆ. ಪಿಚ್ಚೂ ದನಿಯ ಬಲವೂ ಒಟ್ಟಿಗೆ ಏರುತ್ತವೆ.

ಇವೆರಡನ್ನೂ ಅಳೆಯಲು ಪ್ರಾಟ್ ಎಂಬ ಉಚಿತ ತಂತ್ರಾಂಶವಿದೆ. ಅದು ದನಿಯನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಣ್ಣ ಹೆಜ್ಜೆಗಳಲ್ಲಿ ಅಳೆದು ಗ್ರಾಫ್ ಬಿಡಿಸಬಲ್ಲದು. ಆದರೆ ಗ್ರಾಫಿನಲ್ಲಿ ಎತ್ತರ ಕಂಡದ್ದೆಲ್ಲ ಉತ್ಸಾಹವಲ್ಲ. ಮೊದಲು ಅತಿಥಿಯ ಶ್ರುತಿ ಹಿಡಿಯಬೇಕು. ಅಂದರೆ ಇಡೀ ಮಾತಿನ ಪಿಚ್ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಟ್ಟನಡುವಿನದನ್ನು ತೆಗೆದುಕೊಳ್ಳಬೇಕು.

ಒಬ್ಬ ಗಂಡಸಿನ ಶ್ರುತಿ 120 ಹರ್ಟ್ಸ್, ಒಬ್ಬ ಹೆಂಗಸಿನದು 200 ಎಂದುಕೊಳ್ಳಿ. ಆತ 180ಕ್ಕೆ ಏರಿದರು, ಆಕೆ 300ಕ್ಕೆ. ವ್ಯತ್ಯಾಸ 60 ಮತ್ತು 100. ಆಕೆಗೇ ಹೆಚ್ಚು ಉತ್ಸಾಹ ಎಂದರೆ ತಪ್ಪಾಯಿತು. ಇಬ್ಬರೂ ಏರಿದ್ದು ಒಂದೂವರೆ ಪಟ್ಟು, ಅಂದರೆ ಷಡ್ಜದಿಂದ ಪಂಚಮದಷ್ಟೇ. ಹಾಗಾಗಿ ಏರಿಕೆಯನ್ನು ಹರ್ಟ್ಸ್‌ನಲ್ಲಿ ಕಳೆಯದೆ, ಸ್ವರಗಳ ಅಂತರದಲ್ಲಿ ಅಳೆಯಬೇಕು. ಬಲವನ್ನೂ ಅದೇ ವ್ಯಕ್ತಿಯ ಮಾಮೂಲಿ ಬಲದೊಂದಿಗೇ ಹೋಲಿಸಬೇಕು.

ಮೋಸಗಳು ಇಲ್ಲಿಂದ ಶುರು. ಅತಿಥಿ ಮೈಕಿನತ್ತ ಬಾಗಿ ಅಂತರ ಅರ್ಧವಾದರೆ ಬಲ ಸುಮಾರು 6 ಡೆಸಿಬಲ್ ಏರುತ್ತದೆ, ಪಿಚ್ ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಎರಡೂ ಒಟ್ಟಿಗೆ ಏರಿ, ಒಂದೆರಡು ಸೆಕೆಂಡಾದರೂ ನಿಂತ ಜಾಗಗಳನ್ನಷ್ಟೇ ಆರಿಸಿಕೊಳ್ಳಬೇಕು. ಇನ್ನು ಕೆಲವೊಮ್ಮೆ 120ರ ಗೆರೆ ಏಕಾಏಕಿ 240ಕ್ಕೆ ಹಾರುತ್ತದೆ. ಯಾವ ಗಂಟಲೂ ಕಣ್ಣುಮುಚ್ಚುವುದರೊಳಗೆ ಸರಿಯಾಗಿ ಎರಡು ಪಟ್ಟು ಏರಿ ನಿಲ್ಲುವುದು ಅಪರೂಪ. ಅದು ಹೆಚ್ಚಾಗಿ ತಂತ್ರಾಂಶದ ಎಡವಟ್ಟು. ಹುಡುಕಾಟದ ಮೇಲ್ಮಿತಿಯನ್ನು ಆ ದನಿಗೆ ತಕ್ಕಂತೆ ಇಳಿಸಿದರೆ ಇದು ಬಹುಪಾಲು ನಿಲ್ಲುತ್ತದೆ. ಪ್ರಶ್ನೆ ಕೇಳುವವರ ದನಿ ಬೆರೆಯದಂತೆ ಇಬ್ಬರಿಗೂ ಬೇರೆಬೇರೆ ಟ್ರ್ಯಾಕ್ ಇರಲಿ. ಏರಿಳಿತವನ್ನು ಸಮ ಮಾಡುವ ಕಂಪ್ರೆಸರ್ ಹಾಕುವ ಮೊದಲೇ ಅಳತೆ ಮುಗಿಯಲಿ.

ಹೀಗೆ ಉಳಿದ ಹತ್ತೆಂಟು ಜಾಗಗಳನ್ನು ಕೇಳಲೇಬೇಕು. ಸಂಭ್ರಮಕ್ಕೂ ಸಿಟ್ಟಿಗೂ ಗ್ರಾಫ್ ಏರುವುದು ಒಂದೇ ಬಗೆಯಲ್ಲಿ. ಕತ್ತರಿಸುವುದೂ ಶಿಖರದಿಂದಲ್ಲ, ಆ ಮಾತು ಹೊರಟ ಹಿಂದಿನ ವಿರಾಮದಿಂದ. ಇಲ್ಲದಿದ್ದರೆ ನೋಡುಗರಿಗೆ ಕೂಗು ಕೇಳಿಸುತ್ತದೆ, ಕಾರಣ ತಿಳಿಯುವುದಿಲ್ಲ.

ಅತ್ತ, ತೀರಿಹೋದ ಅಮ್ಮನ ನೆನಪಾಗಿ ಅತಿಥಿಯ ದನಿ ಇಳಿದ ಗಳಿಗೆ ಈ ಜರಡಿಯಲ್ಲಿ ಸಿಕ್ಕುವುದೇ ಇಲ್ಲ. ಅದಕ್ಕಾಗಿ, ಉತ್ತರದ ನಡುವೆ ಎರಡು ಸೆಕೆಂಡು ಮೀರಿದ ಮೌನಗಳನ್ನೂ ಬೇರೆಯಾಗಿ ಗುರುತು ಹಾಕಿಕೊಳ್ಳಿ.